ಒಂದೇ ಹಾಲ್, ಎರಡು ಫೋಟೊ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ ಅಡ್ವಾನ್ಸ್ ಹಣದಲ್ಲಿ ಎಷ್ಟು ಹಿಡಿದುಕೊಳ್ಳಬೇಕು ಎಂಬ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಮೊಬೈಲ್ ತೆಗೆದು "ಬಂದಾಗ ಹೀಗಿತ್ತು, ನೋಡಿ" ಎನ್ನುತ್ತಾರೆ. ಎದುರಿನವರೂ ತಮ್ಮ ಮೊಬೈಲ್ ತೆಗೆದು "ಈಗ ಹೀಗಿದೆ, ನೀವೂ ನೋಡಿ" ಎನ್ನುತ್ತಾರೆ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಬದಲಾದದ್ದೆಲ್ಲ ತಾನಾಗಿಯೇ ಕಾಣಿಸುತ್ತದೆ ಎಂಬ ನಂಬಿಕೆ ಇಬ್ಬರಲ್ಲೂ ಇರುತ್ತದೆ. ಈ ನಂಬಿಕೆ ಎಷ್ಟು ದುರ್ಬಲವಾದದ್ದು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ನನ್ನ ತಂಗಿ ಮನೆ ಖಾಲಿ ಮಾಡಿದಾಗ. ಆಕೆ ಆ ಮನೆಗೆ ಸೇರಿದ್ದು ಒಂದು ಡಿಸೆಂಬರಿನಲ್ಲಿ, ಬಿಟ್ಟದ್ದು ಕೆಲವು ವರ್ಷಗಳ ನಂತರದ ಒಂದು ಜೂನ್ ತಿಂಗಳಲ್ಲಿ. ಸೇರಿದ ದಿನ ತೆಗೆದ ಹಾಲಿನ ಒಂದು ಫೋಟೊ ಅವಳ ಬಳಿ ಇತ್ತು. ಬಿಡುವ ದಿನ ಬೆಳಿಗ್ಗೆ ಮನೆಯ ಮಾಲೀಕರು ತೆಗೆದದ್ದು ಇನ್ನೊಂದು. ಮಾಲೀಕರು ನಿವೃತ್ತರು, ಮಾತಿನಲ್ಲಿ ಸಂಭಾವಿತರು, ಲೆಕ್ಕದಲ್ಲಿ ಮಾತ್ರ ಬಿಗಿ. ಗೋಡೆ ಹಳದಿಗಟ್ಟಿದೆ, ಕಿಟಕಿಯ ಮೂಲೆಯಲ್ಲಿ ಬಿರುಕು ಬಿಟ್ಟಿದೆ, ನೆಲದ ಒಂದು ಟೈಲ್ಸ್ ಒಡೆದಿದೆ, ದಿವಾನವನ್ನು ಎಳೆದಾಡಿದ್ದಾರೆ ಎಂಬುದು ಅವರ ಪಟ್ಟಿ. "ಅಣ್ಣ, ನೀನೇ ಒಂದು ಸಲ ಎರಡೂ ಫೋಟೊ ಕೂತು ನೋಡು" ಎಂದು ತಂಗಿ ಕಳಿಸಿಕೊಟ್ಟಳು. ಕಟ್ಟಡಗಳ ತಪಾಸಣೆಯ ವರದಿ ಬರೆಯುವ ಕೆಲಸ ನನ್ನದಾದ್ದರಿಂದ ಇಂತಹ ಜೋಡಿ ಚಿತ್ರಗಳನ್ನು ನೋಡುವ ಅಭ್ಯಾಸ ನನಗಿದೆ; ಆದರೆ ಎರಡೂ ಕಡೆಯವರು ಎದುರಿಗೆ ಕುಳಿತಿರುವಾಗ ಆ ಕೆಲಸ ಮಾಡಿದ್ದು ಕಡಿಮೆ.

ಕಣ್ಣಿಗೆ ಕಾಣುವುದು ಮತ್ತು ಕಣ್ಣು ಗಮನಿಸುವುದು

ಪಕ್ಕಪಕ್ಕದಲ್ಲಿಟ್ಟ ಎರಡು ಚಿತ್ರಗಳನ್ನು ಹೋಲಿಸುವಾಗ ನಮ್ಮ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು, ಆ ಜಿಗಿತದ ನಡುವೆ ಮೊದಲು ಕಂಡದ್ದನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಒಂದೊಂದು ಜಿಗಿತಕ್ಕೆ ನಾವು ಹಿಡಿದಿಡಬಲ್ಲದ್ದು ಬೆರಳೆಣಿಕೆಯ ವಿವರಗಳನ್ನು ಮಾತ್ರ. ರೊನಾಲ್ಡ್ ರೆನ್ಸಿಂಕ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ದೃಶ್ಯದ ಚಿತ್ರವನ್ನೂ, ಒಂದೇ ಒಂದು ಅಂಶ ಬದಲಾಗಿರುವ ಅದೇ ದೃಶ್ಯದ ಇನ್ನೊಂದು ಚಿತ್ರವನ್ನೂ ಅವರು ಪರದೆಯ ಮೇಲೆ ಒಂದಾದ ಮೇಲೊಂದರಂತೆ ತೋರಿಸುತ್ತಿದ್ದರು. ಪ್ರತಿ ಚಿತ್ರವೂ ಸುಮಾರು ಕಾಲು ಸೆಕೆಂಡ್ ಇರುತ್ತಿತ್ತು, ನಡುವೆ 80 ಮಿಲಿಸೆಕೆಂಡಿನಷ್ಟು ಬರಿಯ ಬೂದು ಪರದೆ. ಆ ಕ್ಷಣಮಾತ್ರದ ಬೂದು ಪರದೆ ಸಾಕಾಗಿತ್ತು: ದೊಡ್ಡ ಬದಲಾವಣೆಯನ್ನು ಕೂಡ ಜನ ಮತ್ತೆ ಮತ್ತೆ ನೋಡಿದ ಮೇಲೆಯೇ ಗುರುತಿಸುತ್ತಿದ್ದರು, ಅದರಲ್ಲೂ ದೃಶ್ಯದ ಮುಖ್ಯ ವಸ್ತುವಲ್ಲದ್ದು ಬದಲಾಗಿದ್ದರೆ ಇನ್ನೂ ತಡವಾಗುತ್ತಿತ್ತು. ಬೂದು ಪರದೆಯನ್ನು ತೆಗೆದು ಎರಡು ಚಿತ್ರಗಳನ್ನು ಅಂತರವಿಲ್ಲದೆ ಬದಲಾಯಿಸಿದರೆ ಬದಲಾದ ಜಾಗ ಮಿಣುಕಿದಂತೆ ಕಂಡು ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಖಗೋಳ ವೀಕ್ಷಕರಿಗೆ ಈ ಉಪಾಯ ಅದಕ್ಕಿಂತ ಬಹಳ ಮೊದಲೇ ಗೊತ್ತಿತ್ತು. ಕ್ಲೈಡ್ ಟಾಂಬೋ 1930ರ ಜನವರಿ 23ರಂದು ಮತ್ತು 29ರಂದು ಆಕಾಶದ ಒಂದೇ ಭಾಗವನ್ನು ತೆಗೆದ ಎರಡು ಗಾಜಿನ ಫಲಕಗಳನ್ನು ಒಂದು ಯಂತ್ರದಲ್ಲಿಟ್ಟು, ಒಂದೇ ಕಣ್ಣುಕೊಳವೆಯ ಮೂಲಕ ಒಮ್ಮೆ ಇದನ್ನು ಒಮ್ಮೆ ಅದನ್ನು ನೋಡುತ್ತಾ ಹೋದರು. ಅಸಂಖ್ಯ ನಕ್ಷತ್ರಗಳು ಕದಲದೆ ನಿಂತಿದ್ದಾಗ ಒಂದು ಚುಕ್ಕೆ ಮಾತ್ರ ಅತ್ತಿತ್ತ ಹಾರಿತು. ಫೆಬ್ರುವರಿ 18ರಂದು ಹೀಗೆ ಸಿಕ್ಕಿದ್ದು ಪ್ಲುಟೊ. ನಮ್ಮ ಹಾಲಿನ ಫೋಟೊಗಳಿಗೂ ಮಾಡಬೇಕಾದದ್ದು ಇದನ್ನೇ, ಎರಡನ್ನೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಿ ಮೇಲಿನದನ್ನು ತೋರಿಸುವುದು, ಮರೆಮಾಡುವುದು. ಇದಕ್ಕೆ ದುಬಾರಿ ಸಲಕರಣೆ ಏನೂ ಬೇಡ, ಪದರಗಳನ್ನು ಬಳಸಬಲ್ಲ ಯಾವುದೇ ಚಿತ್ರ ತಿದ್ದುವ ತಂತ್ರಾಂಶ ಸಾಕು. ತೊಂದರೆ ಇರುವುದು "ಕರಾರುವಾಕ್ಕಾಗಿ" ಎಂಬಲ್ಲಿ. ಟಾಂಬೋ ಅವರ ದೂರದರ್ಶಕ ಎರಡು ರಾತ್ರಿಯೂ ಒಂದೇ ಪೀಠದ ಮೇಲಿತ್ತು. ಡಿಸೆಂಬರಿನಲ್ಲಿ ನನ್ನ ತಂಗಿ ಎಲ್ಲಿ ನಿಂತಿದ್ದಳೋ ಜೂನಿನಲ್ಲಿ ಮಾಲೀಕರು ಅಲ್ಲಿಯೇ ನಿಂತಿರಲಿಲ್ಲ.

ನಿಂತ ಜಾಗ

ಫೋಟೊದಲ್ಲಿ ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಸಂಬಂಧವನ್ನು ನಿರ್ಧರಿಸುವುದು ಕ್ಯಾಮೆರಾ ಇದ್ದ ಜಾಗ. ಜೂಮ್ ಮಾಡಿದರೆ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ, ಆದರೆ ಯಾವುದು ಯಾವುದನ್ನು ಎಷ್ಟು ಮರೆಮಾಡುತ್ತದೆ ಎಂಬುದು ಬದಲಾಗುವುದಿಲ್ಲ. ನಿಂತ ಜಾಗ ಒಂದು ಅಡಿ ಬಲಕ್ಕೆ ಸರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು: ಐದು ಅಡಿ ದೂರದಲ್ಲಿರುವ ವಸ್ತುವಿನ ಅಂಚು ಹದಿನೈದು ಅಡಿ ದೂರದ ಗೋಡೆಯ ಮೇಲೆ ಎರಡು ಅಡಿ ಎಡಕ್ಕೆ ಸರಿದಂತೆ ಕಾಣುತ್ತದೆ. ವಸ್ತು ಕೂದಲೆಳೆಯಷ್ಟೂ ಕದಲಿರುವುದಿಲ್ಲ. ದಿವಾನವನ್ನು ಎಳೆದಾಡಿದ್ದಾರೆ ಎಂಬ ದೂರಿನ ಮೂಲ ಇಲ್ಲಿದೆ ಎಂಬ ಅನುಮಾನ ನನಗೆ ಮೊದಲ ನೋಟಕ್ಕೇ ಬಂದಿತ್ತು. ಮನೆಯ ಜೊತೆಗೇ ಬಂದಿದ್ದ ಆ ಮರದ ದಿವಾನದ ಕೈ ಮೊದಲ ಚಿತ್ರದಲ್ಲಿ ಕಿಟಕಿಯ ಚೌಕಟ್ಟಿನಿಂದ ಬಲಕ್ಕಿತ್ತು, ಎರಡನೆಯದರಲ್ಲಿ ಚೌಕಟ್ಟನ್ನು ಅರ್ಧ ಮುಚ್ಚಿತ್ತು.

ಇಬ್ಬರೂ ಒಂದೇ ಕಡೆ ನಿಂತಿದ್ದರೇ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ಖಂಡಿತ ಕದಲದ ಎರಡು ವಸ್ತುಗಳನ್ನು, ಒಂದು ಹತ್ತಿರದ್ದು ಒಂದು ದೂರದ್ದು, ಆರಿಸಿಕೊಳ್ಳಬೇಕು. ನಾನು ಆರಿಸಿಕೊಂಡದ್ದು ಕಿಟಕಿಯ ಗ್ರಿಲ್ಲಿನ ಒಂದು ಸರಳನ್ನು ಮತ್ತು ಅದರಾಚೆ ಕಾಣುವ ಎದುರು ಮನೆಯ ನೀರಿನ ಟ್ಯಾಂಕಿನ ಅಂಚನ್ನು. ಮೊದಲ ಚಿತ್ರದಲ್ಲಿ ಟ್ಯಾಂಕ್ ಮೂರನೆಯ ಸರಳಿಗೆ ತಾಗಿಕೊಂಡಿತ್ತು, ಎರಡನೆಯದರಲ್ಲಿ ನಾಲ್ಕನೆಯದಕ್ಕೆ. ಟ್ಯಾಂಕೂ ಗ್ರಿಲ್ಲೂ ನಡೆದಾಡುವುದಿಲ್ಲವಾದ್ದರಿಂದ ಸರಿದದ್ದು ಫೋಟೊ ತೆಗೆದವರೇ. ಹಾಗಾದರೆ ದಿವಾನದ ಸ್ಥಾನವನ್ನು ಕಿಟಕಿಗೆ ಹೋಲಿಸಿ ಹೇಳುವಂತಿಲ್ಲ, ಅದು ಮುಟ್ಟಿಕೊಂಡಿರುವ ನೆಲಕ್ಕೆ ಹೋಲಿಸಿ ಹೇಳಬೇಕು. ಎರಡಡಿ ಚೌಕದ ಟೈಲ್ಸ್ ಹಾಕಿದ ನೆಲ ಇದಕ್ಕೆ ಗ್ರಾಫ್ ಕಾಗದವಿದ್ದಂತೆ. ಬಾಗಿಲಿನ ಹೊಸಿಲಿನಿಂದ ಟೈಲ್ಸ್‌ಗಳನ್ನು ಎಣಿಸಿಕೊಂಡು ಹೋದರೆ ದಿವಾನದ ಮುಂಗಾಲು ಎರಡೂ ಚಿತ್ರಗಳಲ್ಲಿ ಒಂದೇ ಸಂದಿನ ಪಕ್ಕದಲ್ಲಿ, ಸಂದಿನಿಂದ ಅದೇ ನಾಲ್ಕು ಬೆರಳಿನಷ್ಟು ಅಂತರದಲ್ಲಿ ನಿಂತಿತ್ತು. ನಡುವಿನ ವರ್ಷಗಳಲ್ಲಿ ಅದನ್ನು ಎಳೆದು ಮತ್ತೆ ಅಲ್ಲಿಯೇ ಇಟ್ಟಿರಬಹುದೇ? ಇರಬಹುದು. ಎರಡು ಫೋಟೊಗಳು ಎರಡು ಕ್ಷಣಗಳ ಸಾಕ್ಷಿ ಹೇಳುತ್ತವೆ, ನಡುವಿನ ಕಾಲದ್ದಲ್ಲ.

ನಿಂತ ಜಾಗ ಬೇರೆಯಾದಾಗ ಇಡೀ ಚಿತ್ರವನ್ನು ಒಂದರ ಮೇಲೊಂದು ಕೂರಿಸಲು ಬರುವುದಿಲ್ಲ. ಆದರೆ ಒಂದೊಂದು ಗೋಡೆಯನ್ನು ಬೇರೆ ಬೇರೆಯಾಗಿ ಕೂರಿಸಲು ಬರುತ್ತದೆ, ಏಕೆಂದರೆ ಗೋಡೆ ಚಪ್ಪಟೆ. ಅದರ ಮೇಲಿನ ನಾಲ್ಕು ನಿಶ್ಚಿತ ಬಿಂದುಗಳನ್ನು, ಉದಾಹರಣೆಗೆ ಕಿಟಕಿ ಚೌಕಟ್ಟಿನ ಎರಡು ಮೂಲೆ, ಸ್ವಿಚ್ ಬೋರ್ಡಿನ ಒಂದು ಮೂಲೆ, ಛಾವಣಿ ಸೇರುವ ಒಂದು ಮೂಲೆ, ಹೀಗೆ ಸಾಧ್ಯವಾದಷ್ಟು ದೂರದೂರದವನ್ನು ಹಿಡಿದು ಒಂದು ಚಿತ್ರವನ್ನು ಎಳೆದು ಇನ್ನೊಂದಕ್ಕೆ ಹೊಂದಿಸಿದರೆ ಗೋಡೆಯ ಮೇಲಿನ ಉಳಿದ ಎಲ್ಲ ಗುರುತುಗಳೂ ತಾವಾಗಿ ಕೂರುತ್ತವೆ. ಗೋಡೆಯಿಂದ ಮುಂದಕ್ಕೆ ಚಾಚಿದ ಶೋಕೇಸ್, ದೇವರ ಗೂಡು, ಫ್ಯಾನು ಮಾತ್ರ ಕೂರುವುದಿಲ್ಲ. ಅವನ್ನು ಪ್ರತ್ಯೇಕವಾಗಿ ನೋಡಬೇಕು.

ಯಂತ್ರದ ವ್ಯತ್ಯಾಸ ಚಿತ್ರ

ಹೀಗೆ ಹೊಂದಿಸಿದ ಎರಡು ಚಿತ್ರಗಳನ್ನು ಒಂದರಿಂದ ಒಂದನ್ನು ಕಳೆದರೆ ಒಂದೇ ತೆರನಾದದ್ದೆಲ್ಲ ಕಪ್ಪಾಗಿ, ಬೇರೆಯಾದದ್ದೆಲ್ಲ ಬೆಳಗಿ ಕಾಣುತ್ತದೆ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೇಲಿನ ಪದರಕ್ಕೆ Difference ಎಂಬ ಬಗೆಯನ್ನು ಕೊಟ್ಟರೆ ಆಯಿತು. ಆಜ್ಞೆ ಬರೆದು ಮಾಡುವವರಿಗೆ ಒಂದೇ ಸಾಲು ಸಾಕು.

```
magick hosatu.png haleyadu.png -compose difference -composite vyatyasa.png
```

ಇದನ್ನು ಮಾಡಿ ನೋಡಿದವರಿಗೆ ಮೊದಲು ನಿರಾಶೆಯೇ ಆಗುತ್ತದೆ, ಏಕೆಂದರೆ ಬಹುತೇಕ ಎಲ್ಲವೂ ಬೆಳಗಿರುತ್ತದೆ. ಯಂತ್ರಕ್ಕೆ ಕೋಣೆಯ ಬದಲಾವಣೆ ಗೊತ್ತಿಲ್ಲ, ಚಿತ್ರದ ಚುಕ್ಕೆಗಳ ಬದಲಾವಣೆ ಮಾತ್ರ ಗೊತ್ತು. ಎಲ್ಲ ಅಂಚುಗಳ ಉದ್ದಕ್ಕೂ ತೆಳ್ಳನೆಯ ಗೆರೆಗಳು ಕಂಡರೆ ಅದು ಹೊಂದಿಸುವುದರಲ್ಲಿ ಉಳಿದ ಸಣ್ಣ ಲೋಪ. ಗೋಡೆ ಪೂರ್ತಿ ಮಂಕಾಗಿ ಬೆಳಗಿದ್ದರೆ ಅದು ಬೆಳಕಿನ ವ್ಯತ್ಯಾಸ. ನಮ್ಮ ಚಿತ್ರದಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಹೊಳೆದದ್ದು ಕಿಟಕಿಯ ಪಕ್ಕದ ಗೋಡೆಯ ಮೇಲಿನ ಓರೆ ಪಟ್ಟಿಯೊಂದು, ಸುಮಾರು ಒಂದು ಗೇಣು ಅಗಲದ್ದು. ಮಾಲೀಕರು ತೋರುಬೆರಳಿಟ್ಟು "ಇಲ್ಲಿ ಬಣ್ಣವೇ ಎದ್ದುಹೋಗಿದೆಯಲ್ಲ" ಎಂದರು. ಆ ಕಿಟಕಿ ಉತ್ತರಕ್ಕಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊರಾದ್ದರಿಂದ ಡಿಸೆಂಬರಿನ ಸೂರ್ಯ ಇಡೀ ದಿನ ದಕ್ಷಿಣದಲ್ಲೇ ಸಾಗುತ್ತಾನೆ, ಉತ್ತರದ ಕಿಟಕಿಗೆ ಒಂದು ಕಿರಣವೂ ನೇರವಾಗಿ ಬರುವುದಿಲ್ಲ. ಜೂನಿನಲ್ಲಿ ಅವನು ಹುಟ್ಟುವುದೇ ಪೂರ್ವದಿಂದ ಉತ್ತರಕ್ಕೆ ಇಪ್ಪತ್ತನಾಲ್ಕು ಡಿಗ್ರಿಯಷ್ಟು ಸರಿದು. ಬೆಳಗಿನ ಎಳೆಬಿಸಿಲು ಸಜ್ಜಾದ ಕೆಳಗಿನಿಂದ ಓರೆಯಾಗಿ ಒಳನುಗ್ಗುತ್ತದೆ. ಪಟ್ಟಿಯ ಅಂಚನ್ನು ಹಿಗ್ಗಿಸಿ ನೋಡಿದಾಗ ಗ್ರಿಲ್ಲಿನ ಸರಳುಗಳ ನೆರಳು ಕೂಡ ಅದರೊಳಗೆ ಕಾಣುತ್ತಿತ್ತು. ಮಾಲೀಕರು ಎದ್ದು ಹೋಗಿ ಗೋಡೆಯನ್ನೇ ಮುಟ್ಟಿ ಬಂದರು, ಅಷ್ಟರಲ್ಲಿ ಬಿಸಿಲು ಸರಿದು ಗೋಡೆ ಎಂದಿನಂತಿತ್ತು. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲವಾಯಿತು.

ಹಳದಿಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಮೊಬೈಲ್ ಕ್ಯಾಮೆರಾ ಪ್ರತಿ ಸಲವೂ ಬಿಳಿ ಎಂದರೆ ಯಾವುದು ಎಂದು ತಾನೇ ಊಹಿಸಿ ಬಣ್ಣಗಳನ್ನು ತಿದ್ದುತ್ತದೆ, ಆದ್ದರಿಂದ ಟ್ಯೂಬ್‌ಲೈಟಿನಲ್ಲಿ ತೆಗೆದ ಗೋಡೆಯ ಬಣ್ಣವನ್ನು ಬಿಸಿಲಿನಲ್ಲಿ ತೆಗೆದ ಗೋಡೆಯ ಬಣ್ಣಕ್ಕೆ ನೇರವಾಗಿ ಹೋಲಿಸುವುದರಲ್ಲಿ ಅರ್ಥವಿಲ್ಲ. ಮಾಡಬಹುದಾದದ್ದು ಎರಡು. ಕಾಲಕ್ಕೆ ಬಣ್ಣಗೆಡದ ಒಂದು ವಸ್ತುವನ್ನು ಎರಡೂ ಚಿತ್ರಗಳಲ್ಲಿ ಹುಡುಕಬೇಕು. ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಆಗದು, ಅದೂ ಹಳದಿಯಾಗುತ್ತದೆ; ಕಿಟಕಿಯ ಕೆಳಗಿನ ಬೂದು ಗ್ರಾನೈಟ್ ಆದೀತು. ನಮ್ಮ ಎರಡನೆಯ ಚಿತ್ರದಲ್ಲಿ ಗ್ರಾನೈಟೂ ಅಷ್ಟೇ ಹಳದಿಗೆ ತಿರುಗಿತ್ತು, ಅಂದರೆ ಆ ಹಳದಿಯಲ್ಲಿ ದೊಡ್ಡ ಪಾಲು ಬೆಳಕಿನದು. ಇನ್ನೊಂದು ದಾರಿ ಎರಡು ಚಿತ್ರಗಳನ್ನು ಬಿಟ್ಟು ಒಂದೇ ಚಿತ್ರದೊಳಗೆ ಹೋಲಿಸುವುದು. ಕ್ಯಾಲೆಂಡರ್ ತೂಗುಹಾಕಿದ್ದ ಜಾಗದಲ್ಲಿ ಗೋಡೆ ಸುತ್ತಲಿಗಿಂತ ತುಸು ತಿಳಿಯಾಗಿ, ಒಂದು ಆಯತದಂತೆ ಉಳಿದಿತ್ತು. ಒಂದೇ ಬೆಳಕು, ಒಂದೇ ಕ್ಯಾಮೆರಾ, ಒಂದೇ ಕ್ಷಣ, ಆದರೂ ಆಯತದ ಒಳಗಿಗೂ ಹೊರಗಿಗೂ ಭೇದವಿದೆ ಎಂದರೆ ಗೋಡೆ ನಿಜಕ್ಕೂ ಮಾಸಿದೆ, ಮಾಸಿದ್ದು ಅಷ್ಟು ಮಾತ್ರ. ಹಾಗಾಗಿ ಈ ಅಂಶ ಪಟ್ಟಿಯಲ್ಲಿ ಉಳಿಯಿತು, "ಸ್ವಲ್ಪ" ಎಂಬ ವಿಶೇಷಣದೊಂದಿಗೆ. ಬಾಡಿಗೆದಾರ ತಾನು ಪಡೆದ ಸ್ಥಿತಿಯಲ್ಲೇ ಮನೆಯನ್ನು ಹಿಂತಿರುಗಿಸಬೇಕು, ಆದರೆ ಸಹಜ ಬಳಕೆಯ ಸವೆತಕ್ಕೆ ಅವನು ಹೊಣೆಯಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಹೇಳುತ್ತದೆ. ಹೇಗೂ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಷರತ್ತು ಕರಾರಿನಲ್ಲಿ ಮೊದಲೇ ಇತ್ತು, ಆದ್ದರಿಂದ ಅದರ ಮೇಲೆ ವಾದ ಬೆಳೆಯಲಿಲ್ಲ.

ಯಾರೂ ಕಾಣದ ಫ್ಯಾನು

ಈ ಎಲ್ಲ ಹೊತ್ತಿನಲ್ಲಿ ನಾವು ಮೂವರೂ ಚಿತ್ರದ ನಡುವೆಯೇ ಇದ್ದ ಒಂದು ದೊಡ್ಡ ಬದಲಾವಣೆಯನ್ನು ನೋಡುತ್ತಿದ್ದೆವು, ಕಾಣುತ್ತಿರಲಿಲ್ಲ. ಮೊದಲ ಫೋಟೊ ತೆಗೆದಾಗ ಫ್ಯಾನು ತಿರುಗುತ್ತಿತ್ತು, ರೆಕ್ಕೆಗಳು ಮಸುಕು ತಟ್ಟೆಯಂತೆ ಕಾಣುತ್ತಿದ್ದವು. ಎರಡನೆಯದರಲ್ಲಿ ನಿಂತಿತ್ತು. ವ್ಯತ್ಯಾಸ ಚಿತ್ರದಲ್ಲಿ ಆ ಜಾಗ ಪೂರ್ತಿ ಬೆಳಗಿದ್ದರೂ "ಫ್ಯಾನು ತಿರುಗುತ್ತಿತ್ತು, ಬೇರೆ ಕಾಣಲೇಬೇಕು" ಎಂದು ಮನಸ್ಸು ಅದನ್ನು ಬದಿಗಿಟ್ಟಿತ್ತು. ಈ ಕೆಲಸದ ಅತಿ ದೊಡ್ಡ ಬಲೆ ಇದು ಎಂದು ನನಗೆ ಅನಿಸುತ್ತದೆ: ಕಾರಣ ಗೊತ್ತಿರುವ ವ್ಯತ್ಯಾಸವೊಂದರ ಒಳಗೆ ಕಾರಣ ಗೊತ್ತಿಲ್ಲದ ವ್ಯತ್ಯಾಸ ಅಡಗಿ ಕೂರುತ್ತದೆ, ಮತ್ತು ಒಂದು ಜಾಗಕ್ಕೆ ಒಂದು ವಿವರಣೆ ಸಿಕ್ಕೊಡನೆ ನಾವು ಅಲ್ಲಿ ನೋಡುವುದನ್ನು ನಿಲ್ಲಿಸುತ್ತೇವೆ.

ಅದು ಸಿಕ್ಕಿದ್ದು ನಾನು ಮಿಣುಕಿಸುವುದನ್ನು ಬಿಟ್ಟು ಹಳೆಯ ಪದ್ಧತಿಗೆ ಬಂದಾಗ. ತಪಾಸಣೆಯಲ್ಲಿ ನಾವು ಬಾಗಿಲಿನಿಂದ ಆರಂಭಿಸಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಗೋಡೆ ಗೋಡೆಯಾಗಿ ಹೋಗಿ, ಆಮೇಲೆ ನೆಲ, ಕೊನೆಗೆ ಛಾವಣಿ ನೋಡುತ್ತೇವೆ. ಮೊದಲ ಚಿತ್ರದಲ್ಲಿರುವ ಪ್ರತಿ ವಸ್ತುವನ್ನೂ ಹೆಸರು ಹೇಳಿ ಬರೆದುಕೊಂಡು ಎರಡನೆಯದರಲ್ಲಿ ಹುಡುಕುವುದು ಒಂದು ಸುತ್ತು; ಇದರಿಂದ ಇಲ್ಲವಾದದ್ದು ಸಿಗುತ್ತದೆ. ಎರಡನೆಯದರಿಂದ ಬರೆದುಕೊಂಡು ಮೊದಲನೆಯದರಲ್ಲಿ ಹುಡುಕುವುದು ಇನ್ನೊಂದು ಸುತ್ತು. ಇದರಿಂದ ಹೊಸದಾಗಿ ಬಂದದ್ದು ಸಿಗುತ್ತದೆ. ಮೊದಲನೆಯ ಸುತ್ತನ್ನು ಯಾರೂ ಬಿಡಬಾರದು, ಏಕೆಂದರೆ ಬಂದ ವಸ್ತು ಕಣ್ಣಿಗೆ ಬೀಳುತ್ತದೆ, ಹೋದ ವಸ್ತು ತನ್ನ ಜಾಗದಲ್ಲಿ ಏನನ್ನೂ ಬಿಟ್ಟು ಹೋಗಿರುವುದಿಲ್ಲ. ಹೀಗೆ ಬರೆಯುತ್ತಾ ಛಾವಣಿಗೆ ಬಂದು "ಫ್ಯಾನು, ಕಂದು ಬಣ್ಣ" ಎಂದು ಬರೆದು ಎರಡನೆಯ ಚಿತ್ರಕ್ಕೆ ತಿರುಗಿದರೆ ಅಲ್ಲಿದ್ದದ್ದು ಬಿಳಿಯ ಫ್ಯಾನು. ತಿರುಗುವ ರೆಕ್ಕೆ ಮಸುಕಾಗಬಹುದು, ನಡುವಿನ ಮೋಟಾರಿನ ಕವಚ ಬಣ್ಣ ಬದಲಿಸುವುದಿಲ್ಲ.

"ಅಯ್ಯೋ, ಅದು ಸುಟ್ಟುಹೋಗಿತ್ತು ಅಣ್ಣ, ಇವರೇ ಹೊಸದು ತಂದು ಹಾಕಿಸಿದ್ದು. ಅಂಕಲ್‌ಗೆ ಹೇಳಿದ್ದೆವು" ಎಂದಳು ತಂಗಿ. ಮಾಲೀಕರು ತಮ್ಮದೇ ಫ್ಯಾನು ಹೋಗಿ ಬೇರೆ ಬಂದಿರುವುದನ್ನು ಆಗಷ್ಟೇ ಗಮನಿಸಿ ಕತ್ತೆತ್ತಿ ಬಹಳ ಹೊತ್ತು ನೋಡಿದರು. "ಹೇಳಿದ್ದಿರಬಹುದಮ್ಮ. ಹಳೆಯದು ಎಲ್ಲಿ?" ಎಂದರು. ಅದು ಅಟ್ಟದ ಮೇಲೆ ಹಾಳೆ ಸುತ್ತಿಕೊಂಡು ಕೂತಿತ್ತು. ಬಾಡಿಗೆದಾರರ ಪರವಾಗಿ ನಿಂತ ಈ ಒಂದು ಬದಲಾವಣೆ ಯಾರ ಪಟ್ಟಿಯಲ್ಲೂ ಇರಲಿಲ್ಲ, ತಂಗಿಯ ಪಟ್ಟಿಯಲ್ಲೂ.

ಮೂರನೆಯ ಅಂಕಣ

ನಾನು ಬರೆಯುವ ಹೋಲಿಕೆಯ ಪಟ್ಟಿಯಲ್ಲಿ "ಬದಲಾಗಿದೆ", "ಬದಲಾಗಿಲ್ಲ" ಎಂಬ ಎರಡರ ಜೊತೆಗೆ "ಹೇಳಲಾಗದು" ಎಂಬ ಮೂರನೆಯ ಅಂಕಣವೊಂದು ಯಾವಾಗಲೂ ಇರುತ್ತದೆ. ಜಗಳಗಳು ಹುಟ್ಟುವುದು ಬಹುಪಾಲು ಈ ಅಂಕಣ ಇಲ್ಲದ ಪಟ್ಟಿಗಳಿಂದ. ಹಳೆಯ ಚಿತ್ರದಲ್ಲಿ ಕಾಣುವುದಿಲ್ಲ ಎಂಬುದನ್ನು ಆಗ ಇರಲಿಲ್ಲ ಎಂದು ಓದಿಕೊಳ್ಳುವ ಚಾಳಿ ನಮ್ಮೆಲ್ಲರದು. ಕಾಣದಿರಲು ಅದು ಇಲ್ಲದಿರುವುದೇ ಕಾರಣವಾಗಬೇಕಿಲ್ಲ; ಅಡ್ಡ ಏನೋ ಇದ್ದಿರಬಹುದು, ಅಥವಾ ಚಿತ್ರಕ್ಕೆ ಅಷ್ಟು ಸೂಕ್ಷ್ಮವನ್ನು ಹಿಡಿಯುವ ಶಕ್ತಿ ಇಲ್ಲದಿರಬಹುದು.

ಕಿಟಕಿ ಮೂಲೆಯ ಬಿರುಕು ಎರಡನೆಯ ಬಗೆಯದು. ತಂಗಿಯ ಬಳಿ ಉಳಿದಿದ್ದ ಫೋಟೊ ವಾಟ್ಸಾಪಿನಲ್ಲಿ ಒಮ್ಮೆ ಹೋಗಿ ಬಂದದ್ದು, ಹಾಗಾಗಿ ಕುಗ್ಗಿ 1600 ಚುಕ್ಕೆ ಅಗಲಕ್ಕೆ ಇಳಿದಿತ್ತು, ತೆಗೆದ ದಿನಾಂಕದ ದಾಖಲೆಯೂ ಅಳಿಸಿಹೋಗಿತ್ತು. ಚಿತ್ರದ ಅಗಲಕ್ಕೆ ಹನ್ನೆರಡು ಅಡಿ ಗೋಡೆ, ಅಂದರೆ ಸುಮಾರು 3,660 ಮಿಲಿಮೀಟರ್ ತುಂಬಿದೆ ಎಂದುಕೊಂಡರೆ ಒಂದೊಂದು ಚುಕ್ಕೆಯ ಪಾಲಿಗೆ ಎರಡು ಮಿಲಿಮೀಟರಿಗಿಂತ ಹೆಚ್ಚು ಬರುತ್ತದೆ. ಬಿರುಕಿನ ಅಗಲ ಅರ್ಧ ಮಿಲಿಮೀಟರ್. ಚುಕ್ಕೆಯ ಕಾಲುಭಾಗದಷ್ಟೂ ಇಲ್ಲದ ಗೆರೆ ತುಸು ಮಬ್ಬಾಗಿ ಉಳಿದರೂ ಚಿತ್ರವನ್ನು ಕುಗ್ಗಿಸುವ ಕ್ರಮ ಅದನ್ನು ಒರೆಸಿಹಾಕುತ್ತದೆ. ಮಾಲೀಕರ ಹೊಸ ಫೋಟೊ ಮೂಲರೂಪದಲ್ಲೇ ಇತ್ತು, ಜೊತೆಗೆ ಅವರು ಇನ್ನೂ ಹತ್ತಿರದಿಂದ ತೆಗೆದಿದ್ದರು. ಒಂದರಲ್ಲಿ ಕಾಣುವುದು, ಇನ್ನೊಂದರಲ್ಲಿ ಕಾಣಲು ಸಾಧ್ಯವೇ ಇಲ್ಲದ್ದು. ಇವೆರಡನ್ನು ಹೋಲಿಸಿ ಏನನ್ನೂ ಹೇಳುವಂತಿಲ್ಲ. ಆದ್ದರಿಂದ ಫೋಟೊ ಬಿಟ್ಟು ಗೋಡೆಯ ಬಳಿಗೇ ಹೋಗಿ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಿದೆ. ಮೂಲೆಯಿಂದ ಓರೆಯಾಗಿ ಮೇಲೇರಿದ ಗೆರೆ. ಕಿಟಕಿಯ ಮೂಲೆಗಳಲ್ಲಿ ಒತ್ತಡ ಸೇರಿ ಪ್ಲಾಸ್ಟರ್ ಹೀಗೆ ಬಿರಿಯುವುದು ಸಾಮಾನ್ಯ. ಮುಖ್ಯವಾಗಿ, ಬಿರುಕಿನ ಒಳಗಿನ ಅಂಚುಗಳಿಗೂ ಗೋಡೆಯದೇ ಬಣ್ಣ ಇಳಿದು ಒಣಗಿತ್ತು. ಬಣ್ಣ ಹೊಡೆದ ಮೇಲೆ ಬಿಟ್ಟ ಬಿರುಕಿನ ಒಳಗೆ ಬೂದು ಪ್ಲಾಸ್ಟರ್ ಕಾಣಬೇಕು. ಆ ಗೋಡೆಗೆ ಕೊನೆಯ ಸಲ ಬಣ್ಣ ಹೊಡೆಸಿದ್ದು ತಂಗಿ ಮನೆಗೆ ಬರುವ ಮುನ್ನ, ಸ್ವತಃ ಮಾಲೀಕರೇ. ಬಿರುಕು ಪಟ್ಟಿಯಿಂದ ಹೋಯಿತು.

ಟೈಲ್ಸ್ ಮೊದಲ ಬಗೆಯದು. ಡಿಸೆಂಬರಿನ ಚಿತ್ರದಲ್ಲಿ ಆ ಜಾಗದ ಮೇಲೆ ಪಾತ್ರೆಪಡಗ ತುಂಬಿದ ರಟ್ಟಿನ ಪೆಟ್ಟಿಗೆಗಳು ಇದ್ದವು. ಪೆಟ್ಟಿಗೆಯ ಕೆಳಗೆ ಟೈಲ್ಸ್ ಒಡೆದಿತ್ತೋ ಇಲ್ಲವೋ ಎಂಬುದನ್ನು ಆ ಚಿತ್ರ ಎಂದಿಗೂ ಹೇಳದು. ನೆಲದಲ್ಲಿ ಮಾತ್ರ ಕೆಲವು ಸುಳಿವುಗಳಿದ್ದವು. ಕೆಳಗಿನ ಗಾರೆ ಕದಲಿ ಒಡೆದಿದ್ದರೆ ಗೆರೆ ಪಕ್ಕದ ಟೈಲ್ಸ್‌ಗಳಿಗೂ ನೇರವಾಗಿ ಮುಂದುವರಿಯಬೇಕಿತ್ತು. ಇಲ್ಲಿ ಒಂದೇ ಟೈಲ್ಸ್‌ನಲ್ಲಿ, ಒಂದು ಬಿಂದುವಿನಿಂದ ಮೂರು ದಿಕ್ಕಿಗೆ ಸೀಳುಗಳು ಹರಡಿದ್ದವು, ನಡುವೆ ಚಿಕ್ಕದೊಂದು ಚಕ್ಕೆ ಎದ್ದಿತ್ತು. ಇದು ಭಾರದ ವಸ್ತು ಬಿದ್ದ ಗುರುತು. ಆದರೆ ನಾಣ್ಯದಿಂದ ತಟ್ಟಿದಾಗ ಅದೊಂದು ಟೈಲ್ಸ್ ಪೊಳ್ಳು ಸದ್ದು ಮಾಡಿತು, ಸುತ್ತಲಿನವು ಗಟ್ಟಿಯಾಗಿದ್ದವು. ಕೆಳಗೆ ಗಾರೆ ಸರಿಯಾಗಿ ತುಂಬದೆ ಕೂರಿಸಿದ ಟೈಲ್ಸ್ ಸಣ್ಣ ಪೆಟ್ಟಿಗೂ ಒಡೆಯುತ್ತದೆ, ಕೂರಿಸಿದವರು ಬಾಡಿಗೆದಾರರಲ್ಲ. ಏನು ಬಿದ್ದಿತು ಎಂಬುದಕ್ಕೆ ಸುಳಿವು ಸಿಕ್ಕಿತು, ಯಾವಾಗ ಎಂಬುದಕ್ಕೆ ಸಿಗಲಿಲ್ಲ. ತಂಗಿಗೆ ಏನೂ ಬೀಳಿಸಿದ ನೆನಪಿಲ್ಲ, ಅವಳ ಮುಂಚಿನ ಬಾಡಿಗೆದಾರರು ಬಿಟ್ಟಾಗ ಮಾಲೀಕರು ನೆಲದ ಫೋಟೊ ತೆಗೆದಿರಲಿಲ್ಲ. ಈ ಒಂದು ಅಂಶವನ್ನು ನಾನು ಮೂರನೆಯ ಅಂಕಣದಲ್ಲೇ ಬರೆದೆ. ಮಾಲೀಕರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಓದಿ, "ಹೇಳಲಾಗದು ಅಂದರೆ ಖರ್ಚು ಯಾರದು ಸ್ವಾಮಿ?" ಎಂದು ಕೇಳಿದರು. ಅದಕ್ಕೆ ಉತ್ತರ ಫೋಟೊಗಳಲ್ಲಿ ಇರಲಿಲ್ಲ. ಟೈಲ್ಸ್ ಬದಲಾಯಿಸುವ ಖರ್ಚನ್ನು ಅವರೂ ನಮ್ಮ ಭಾವನವರೂ ಸಮನಾಗಿ ಹಂಚಿಕೊಂಡರು, ಫ್ಯಾನಿನ ಲೆಕ್ಕವನ್ನು ಅದರಲ್ಲಿ ಸೇರಿಸುವುದು ಬೇಡವೆಂದು ತಂಗಿಯೇ ಹೇಳಿದಳು.